ಆಫರ್ ಲೆಟರ್‌ನ ತರಬೇತಿ ಬಾಂಡ್: ಸಹಿ ಹಾಕುವ ಮೊದಲು ಮತ್ತು ಕೆಲಸ ಬಿಡುವ ಮೊದಲು ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹಾಗೂ ಡಿಪ್ಲೊಮಾ ಕಾಲೇಜುಗಳಲ್ಲಿ ಕ್ಯಾಂಪಸ್ ಆಯ್ಕೆ ಮುಗಿಯುತ್ತಿದ್ದಂತೆ ಆಫರ್ ಲೆಟರ್ ಹಿಡಿದು ನನ್ನ ಬಳಿ ಬರುವ ಮಕ್ಕಳು ಮತ್ತು ಪಾಲಕರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಎಲ್ಲ ಬಗೆಯ ಬಾಂಡ್‌ಗಳನ್ನೂ ಇಲ್ಲಿ ವಿವರಿಸುವ ಬದಲು ಒಂದೇ ಷರತ್ತನ್ನು ಎದುರಿಗೆ ಇಟ್ಟುಕೊಂಡು ಅದನ್ನು ಬಿಡಿಸಿ ಓದಿದ್ದೇನೆ. ಷರತ್ತೂ ಅದರೊಳಗಿನ ಮೊತ್ತಗಳೂ ಉದಾಹರಣೆಗಾಗಿ ನಾನೇ ಕಟ್ಟಿಕೊಂಡವು. ಆದರೆ ಇಂಥ ವಾಕ್ಯರಚನೆ ನಮ್ಮ ಭಾಗದ ಹುಡುಗ ಹುಡುಗಿಯರ ಕೈಗೆ ಬರುವ ಕಾಗದಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದೇ ಆಗಿದೆ.

ಓದಬೇಕಾದ ಷರತ್ತು ಯಾವುದು?

ಗದಗದ ಒಬ್ಬ ವಿದ್ಯಾರ್ಥಿನಿಗೆ ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ ಎಂದು ಇಟ್ಟುಕೊಳ್ಳೋಣ. ಕೆಲಸಕ್ಕೆ ಸೇರುವ ದಿನ 1 ಆಗಸ್ಟ್ 2024. ಮೊದಲ ಮೂರು ತಿಂಗಳು ತರಬೇತಿ, ಆ ಅವಧಿಯಲ್ಲಿ ತಿಂಗಳಿಗೆ ₹12,000 ಸ್ಟೈಪೆಂಡ್. ಆಮೇಲೆ ಕೈಗೆ ಬರುವ ಸಂಬಳ ಸುಮಾರು ₹21,000. ಆಫರ್ ಲೆಟರ್‌ನ ಇಂಗ್ಲಿಷ್ ಷರತ್ತನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

"ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ ದಿನದಿಂದ 24 ತಿಂಗಳು ಮುಗಿಯುವ ಮೊದಲು ಉದ್ಯೋಗಿಯು ಯಾವುದೇ ಕಾರಣದಿಂದ ರಾಜೀನಾಮೆ ಸಲ್ಲಿಸಿದಲ್ಲಿ ಅಥವಾ ಆಕೆಯ ಸೇವೆ ಕೊನೆಗೊಂಡಲ್ಲಿ, ತರಬೇತಿ, ನೇಮಕಾತಿ ಹಾಗೂ ವ್ಯವಹಾರ ನಷ್ಟದ ಬಾಬ್ತು ₹2,00,000 ಮೊತ್ತವನ್ನು ಒಂದೇ ಕಂತಿನಲ್ಲಿ, ತಡವಾದಲ್ಲಿ ವಾರ್ಷಿಕ ಶೇ 18ರ ಬಡ್ಡಿಯೊಂದಿಗೆ, ಕಂಪನಿಗೆ ಪಾವತಿಸತಕ್ಕದ್ದು. ಸದರಿ ಮೊತ್ತವು ನ್ಯಾಯಯುತವಾದ ಮುನ್ನಂದಾಜು ಎಂದು ಉದ್ಯೋಗಿಯು ಒಪ್ಪಿರುತ್ತಾಳೆ."

ಹೆಚ್ಚಿನವರು ಇದರಲ್ಲಿ ಎರಡೇ ಸಂಗತಿಗಳನ್ನು ಓದುತ್ತಾರೆ: ಎರಡು ವರ್ಷ ಮತ್ತು ಎರಡು ಲಕ್ಷ. ನಿಜವಾದ ಭಾರ ಇರುವುದು "ಯಶಸ್ವಿಯಾಗಿ ಪೂರೈಸಿದ ದಿನದಿಂದ", "ರಾಜೀನಾಮೆ ಸಲ್ಲಿಸಿದಲ್ಲಿ", "ಸೇವೆ ಕೊನೆಗೊಂಡಲ್ಲಿ", "ಬಾಬ್ತು" ಎಂಬ ಮಾತುಗಳಲ್ಲಿ.

ಇದು ಎರಡು ವರ್ಷದ ಬಾಂಡ್ ತಾನೇ?

ಅಲ್ಲ. ಗಡುವು ಸೇರಿದ ದಿನದಿಂದ ಶುರುವಾಗುವುದಿಲ್ಲ, ತರಬೇತಿ ಮುಗಿದ ದಿನದಿಂದ ಶುರುವಾಗುತ್ತದೆ. ತರಬೇತಿ 31 ಅಕ್ಟೋಬರ್ 2024ಕ್ಕೆ ಮುಗಿದರೆ ಬಾಂಡ್ 1 ನವೆಂಬರ್ 2024ರಿಂದ 31 ಅಕ್ಟೋಬರ್ 2026ರವರೆಗೆ ನಡೆಯುತ್ತದೆ. ಸೇರಿದ ದಿನದಿಂದ ಎಣಿಸಿದರೆ 27 ತಿಂಗಳು. "ಯಶಸ್ವಿಯಾಗಿ" ಎಂಬ ಪದವೂ ಸುಮ್ಮನೆ ಕುಳಿತಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂದೋ ಪ್ರಾಜೆಕ್ಟ್ ಸಿಗಲಿಲ್ಲ ಎಂದೋ ಕಂಪನಿ ತರಬೇತಿಯನ್ನು ಇನ್ನೆರಡು ತಿಂಗಳು ಮುಂದುವರಿಸಿದರೆ ಬಾಂಡ್‌ನ ಕೊನೆಯ ದಿನವೂ ಎರಡು ತಿಂಗಳು ಮುಂದೆ ಹೋಗುತ್ತದೆ, ಆ ಎರಡು ತಿಂಗಳೂ ಸ್ಟೈಪೆಂಡ್‌ನಲ್ಲೇ ಕಳೆಯುತ್ತವೆ.

ಇನ್ನೊಂದು ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ಷರತ್ತು "ಕೆಲಸದಿಂದ ಬಿಡುಗಡೆಯಾದಲ್ಲಿ" ಎನ್ನುವುದಿಲ್ಲ, "ರಾಜೀನಾಮೆ ಸಲ್ಲಿಸಿದಲ್ಲಿ" ಎನ್ನುತ್ತದೆ. ಅದೇ ಆಫರ್ ಲೆಟರ್‌ನ ಇನ್ನೊಂದು ಪುಟದಲ್ಲಿ 90 ದಿನಗಳ ನೋಟಿಸ್ ಅವಧಿ ಇದ್ದರೆ, ಬಾಂಡ್ ಮುಗಿಯುವ ದಿನಕ್ಕೇ ಹೊರಬೀಳಬೇಕೆಂದು ಜುಲೈ ಕೊನೆಯಲ್ಲಿ ರಾಜೀನಾಮೆ ಕೊಟ್ಟವರು ಗಡುವಿನೊಳಗೇ ರಾಜೀನಾಮೆ ಸಲ್ಲಿಸಿದಂತಾಗುತ್ತದೆ. ಷರತ್ತನ್ನು ಅಕ್ಷರಶಃ ಓದಿದರೆ 31 ಅಕ್ಟೋಬರ್ 2026ರ ನಂತರವೇ ರಾಜೀನಾಮೆ ಕೊಟ್ಟು, ಆಮೇಲೆ ಮೂರು ತಿಂಗಳು ನೋಟಿಸ್ ದುಡಿಯಬೇಕು. ಮೂರು, ಇಪ್ಪತ್ತನಾಲ್ಕು, ಮತ್ತೆ ಮೂರು ಕೂಡಿದರೆ "ಎರಡು ವರ್ಷದ ಬಾಂಡ್" ಎಂದು ಕರೆಯುವ ಕಟ್ಟು ಒಟ್ಟು 30 ತಿಂಗಳಾಗುತ್ತದೆ. ನೋಟಿಸ್ ಅವಧಿ ಬಾಂಡ್ ಅವಧಿಯೊಳಗೇ ಸೇರುತ್ತದೆಯೋ ಇಲ್ಲವೋ ಎಂಬುದನ್ನು ಸೇರುವ ಮೊದಲೇ ಇ-ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ಫೋನಿನಲ್ಲಿ "ಅದೆಲ್ಲಾ ಒಳಗ ಬರ್ತದ ಬಿಡ್ರಿ" ಎಂದು ಯಾರಾದರೂ ಹೇಳಿದ್ದನ್ನು ಎರಡು ವರ್ಷದ ನಂತರ ನೆನಪಿಸಿಕೊಳ್ಳುವವರು ಆ ಕಚೇರಿಯಲ್ಲಿ ಇರಲಿಕ್ಕಿಲ್ಲ.

18 ತಿಂಗಳು ದುಡಿದ ಮೇಲೆ ಬಿಟ್ಟರೂ ಪೂರ್ತಿ ಎರಡು ಲಕ್ಷ ಕೊಡಬೇಕೇ?

ಷರತ್ತಿನ ಮಾತಿನಂತೆ ಕೊಡಬೇಕು. ಮೊದಲ ದಿನ ಬಿಟ್ಟವರಿಗೂ ಗಡುವಿಗೆ ಒಂದು ದಿನ ಮೊದಲು ಬಿಟ್ಟವರಿಗೂ ಇದು ಒಂದೇ ಮೊತ್ತವನ್ನು ಹೇಳುತ್ತದೆ. ಆದರೆ ಕಾನೂನಿನ ಲೆಕ್ಕ ಬೇರೆ. ಭಾರತೀಯ ಕರಾರು ಕಾಯ್ದೆ 1872ರ 74ನೇ ಕಲಂ ಪ್ರಕಾರ, ಕರಾರು ಮುರಿದರೆ ಕೊಡಬೇಕಾದ ಮೊತ್ತವನ್ನು ಕರಾರಿನಲ್ಲೇ ಬರೆದಿದ್ದರೂ, ಎದುರು ಪಕ್ಷಕ್ಕೆ ಸಿಗುವುದು ಆ ಮೊತ್ತವನ್ನು ಮೀರದ "ಸಮಂಜಸ ಪರಿಹಾರ" ಮಾತ್ರ. ಅಂದರೆ ಬಾಂಡ್‌ನಲ್ಲಿ ಅಚ್ಚಾದ ಎರಡು ಲಕ್ಷ ಮೇಲ್ಮಿತಿ. ಸಾಲಪತ್ರದಲ್ಲಿ ಬರೆದ ಸಾಲದಂತೆ ಅದು ತಾನಾಗಿಯೇ ಬಾಕಿಯಾಗುವುದಿಲ್ಲ. 1963ರ ಫತೇಚಂದ್ ಪ್ರಕರಣದಿಂದ 2015ರ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ 74ನೇ ಕಲಮನ್ನು ಹೀಗೆಯೇ ಓದಿದೆ. ಅವೆರಡೂ ಜಮೀನು ವ್ಯವಹಾರದ ಪ್ರಕರಣಗಳು, ಆದರೆ ತತ್ವ ಎಲ್ಲ ಕರಾರುಗಳಿಗೂ ಅನ್ವಯಿಸುತ್ತದೆ.

ನಮ್ಮ ಉದಾಹರಣೆಯ ಹುಡುಗಿ 30 ಏಪ್ರಿಲ್ 2026ಕ್ಕೆ ಹೊರಬಿದ್ದಳು ಎಂದುಕೊಳ್ಳೋಣ. ಬಾಂಡ್‌ನ 24 ತಿಂಗಳಲ್ಲಿ 18 ಮುಗಿದಿವೆ, 6 ಉಳಿದಿವೆ. ಎರಡು ಲಕ್ಷವನ್ನೇ ಹಿಡಿದು ಉಳಿದ ಅವಧಿಗೆ ಹಂಚಿದರೆ, ಅಂದರೆ 24ರಲ್ಲಿ 6 ಪಾಲು, ₹50,000 ಆಗುತ್ತದೆ. ಆದರೆ ಎರಡು ಲಕ್ಷವೇ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಹೊರಗಿನ ತರಬೇತುದಾರರಿಗೆ 20 ಜನರ ತಂಡಕ್ಕೆ ₹3,60,000 ಕೊಟ್ಟಿದ್ದರೆ ತಲೆಗೆ ₹18,000; ಲ್ಯಾಬ್ ಮತ್ತು ಲೈಸೆನ್ಸ್ ಖರ್ಚು ತಲೆಗೆ ₹7,000; ಕೂಡಿದರೆ ₹25,000. ಇದರ 24ರಲ್ಲಿ 6 ಪಾಲು ₹6,250. ಮೂರು ತಿಂಗಳ ಸ್ಟೈಪೆಂಡ್ ₹36,000 ಕೂಡ ತರಬೇತಿ ವೆಚ್ಚವೇ ಎಂದು ಕಂಪನಿ ವಾದಿಸಿ ಗೆದ್ದರೆ ಒಟ್ಟು ₹61,000, ಅದರ ಪಾಲು ₹15,250. ಹೀಗೆ ಒಂದೇ ಷರತ್ತಿನಿಂದ ಎರಡು ಲಕ್ಷ, ಐವತ್ತು ಸಾವಿರ, ಹದಿನೈದು ಸಾವಿರದ ಇನ್ನೂರೈವತ್ತು, ಆರು ಸಾವಿರದ ಇನ್ನೂರೈವತ್ತು ಎಂಬ ನಾಲ್ಕು ಮೊತ್ತಗಳು ಹೊರಡುತ್ತವೆ. ವಕೀಲರ ನೋಟಿಸ್‌ನಲ್ಲಿ ಬರುವುದು ಮೊದಲನೆಯದು. ಮಾತುಕತೆ ನಡೆಯಬೇಕಾದದ್ದು ಉಳಿದ ಮೂರರ ನಡುವೆ.

ಇದು ಬರೀ ಕಾಗದದ ಲೆಕ್ಕವಲ್ಲ. 2011ರಲ್ಲಿ ದೆಹಲಿ ಹೈಕೋರ್ಟ್ ನಿರ್ಧರಿಸಿದ ಸಿಕ್ಪಾ ಇಂಡಿಯಾ ಪ್ರಕರಣದಲ್ಲಿ ಬಾಂಡ್ ಎರಡು ಲಕ್ಷದ್ದೇ ಇತ್ತು, ಅವಧಿ ಮೂರು ವರ್ಷ. ತರಬೇತಿಗೆ ಕಂಪನಿ ತೋರಿಸಿದ ಖರ್ಚು ₹67,595. ಉದ್ಯೋಗಿ ಎರಡು ವರ್ಷ ದುಡಿದಿದ್ದರು. ಉಳಿದ ಮೂರನೇ ಒಂದು ಪಾಲಿನ ಲೆಕ್ಕದಲ್ಲಿ ಕೆಳಗಿನ ನ್ಯಾಯಾಲಯ ಕೊಡಿಸಿದ್ದು ₹22,532. ಹೆಚ್ಚು ಬೇಕೆಂದು ಮೇಲ್ಮನವಿಗೆ ಹೋದ ಕಂಪನಿಗೆ ಹೈಕೋರ್ಟ್‌ನಲ್ಲೂ ಹೆಚ್ಚು ಸಿಗಲಿಲ್ಲ.

ಹಾಗಾದರೆ ಬಾಂಡ್ ಎಂಬುದೇ ಕಾನೂನುಬಾಹಿರ ಎನ್ನುತ್ತಾರಲ್ಲ?

ಹಾಸ್ಟೆಲ್‌ಗಳಲ್ಲಿ ಹಬ್ಬಿರುವ ಈ ಮಾತು ತಪ್ಪು, ಮತ್ತು ಇದನ್ನು ನಂಬಿ ಸಹಿ ಹಾಕುವುದು ಅಪಾಯಕಾರಿ. ಕರಾರು ಕಾಯ್ದೆಯ 27ನೇ ಕಲಂ ವೃತ್ತಿಗೆ ತಡೆ ಒಡ್ಡುವ ಕರಾರನ್ನು ಶೂನ್ಯ ಎನ್ನುತ್ತದೆ, ನಿಜ. ಆದರೆ ಕೆಲಸದಲ್ಲಿರುವ ಅವಧಿಗೆ ಹಾಕಿದ ಕಟ್ಟನ್ನು ಆ ಕಲಂ ಮುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ, ಗೋಲಿಕೇರಿ ಪ್ರಕರಣದಲ್ಲಿ ಹೇಳಿದೆ. "ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು" ಎಂಬ ಷರತ್ತು 27ನೇ ಕಲಂನ ಎದುರು ನಿಲ್ಲುವುದು ಕಷ್ಟ. "ಇಷ್ಟು ಕಾಲ ದುಡಿಯಬೇಕು, ಇಲ್ಲವಾದರೆ ಪರಿಹಾರ ಕೊಡಬೇಕು" ಎಂಬ ಷರತ್ತು ಬೇರೆಯೇ ಜಾತಿಯದು, ಅದು ನಿಲ್ಲಬಲ್ಲದು. ಎರಡೂ ಒಂದೇ ಪುಟದಲ್ಲಿ ಇರುವುದರಿಂದ ಓದುವವರು ಬೆರೆಸಿಬಿಡುತ್ತಾರೆ.

ಇತ್ತೀಚಿನ ತೀರ್ಪು ಇನ್ನೂ ಹತ್ತಿರದ್ದು. ವಿಜಯಾ ಬ್ಯಾಂಕ್ ತನ್ನ ನೇಮಕಾತಿ ಪತ್ರದಲ್ಲಿ ಕನಿಷ್ಠ ಮೂರು ವರ್ಷ ಸೇವೆ, ಇಲ್ಲವಾದರೆ ಎರಡು ಲಕ್ಷ ಎಂಬ ಷರತ್ತು ಹಾಕಿತ್ತು. 2007ರಲ್ಲಿ ಸೇರಿದ ಸೀನಿಯರ್ ಮ್ಯಾನೇಜರ್ ದರ್ಜೆಯ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಆಕ್ಷೇಪಣೆ ಇಟ್ಟುಕೊಂಡೇ ಹಣ ಕಟ್ಟಿ, ಆಮೇಲೆ ಕರ್ನಾಟಕ ಹೈಕೋರ್ಟ್‌ನಲ್ಲಿ ಗೆದ್ದರು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು: ಅದು ವೃತ್ತಿಗೆ ತಡೆಯೂ ಅಲ್ಲ, ಸಾರ್ವಜನಿಕ ನೀತಿಗೆ ವಿರುದ್ಧವೂ ಅಲ್ಲ.

ಈ ತೀರ್ಪನ್ನು ಎರಡೂ ಕಡೆಯಿಂದ ಓದಬೇಕು. ಅಲ್ಲಿ ತರಬೇತಿಯ ಖರ್ಚೇ ಮುಖ್ಯ ವಿಷಯವಾಗಿರಲಿಲ್ಲ. ಒಬ್ಬರು ಬಿಟ್ಟರೆ ಮತ್ತೆ ಜಾಹೀರಾತು ಕೊಟ್ಟು ಮುಕ್ತ ಸ್ಪರ್ಧೆಯ ಮೂಲಕ ನೇಮಿಸಬೇಕಾದ ಹೊರೆ ಮುಖ್ಯವಾಗಿತ್ತು. ಹಾಗಾಗಿ "ತರಬೇತಿಯನ್ನೇ ಕೊಡಲಿಲ್ಲ, ಬಾಂಡ್ ಬಿದ್ದುಹೋಯಿತು" ಎಂಬ ವಾದ ಹಿಂದಿನಷ್ಟು ಗಟ್ಟಿಯಾಗಿ ಉಳಿದಿಲ್ಲ, ಮತ್ತು ನಾಳೆ ಯಾವ ಕಂಪನಿಯ ವಕೀಲರ ನೋಟಿಸ್ ಬಂದರೂ ಈ ತೀರ್ಪು ಅದರಲ್ಲಿ ಇರುವ ಸಂಭವವಿದೆ. ಅದೇ ಹೊತ್ತಿಗೆ, ಮುಕ್ತ ಪರೀಕ್ಷೆಯ ಕಟ್ಟುಪಾಡಿರುವುದು ಸಾರ್ವಜನಿಕ ವಲಯದ ಬ್ಯಾಂಕಿಗೆ. ಅಧಿಕಾರಿ ಇದ್ದದ್ದು ಒಳ್ಳೆಯ ಸಂಬಳದ ಮೇಲ್ದರ್ಜೆಯಲ್ಲಿ, ಅವರಿಗೆ ಆ ಎರಡು ಲಕ್ಷ ರಾಜೀನಾಮೆಯನ್ನೇ ಅಸಾಧ್ಯವಾಗಿಸುವ ಮೊತ್ತವಲ್ಲ ಎಂಬುದನ್ನೂ ನ್ಯಾಯಾಲಯ ನೋಡಿತು. ಕಾಲೇಜಿನ ಸಭಾಂಗಣದಲ್ಲಿ ಒಂದೇ ದಿನ ನಲವತ್ತು ಜನರನ್ನು ಆರಿಸುವ ಖಾಸಗಿ ಕಂಪನಿ, ಕೈಗೆ ಇಪ್ಪತ್ತೊಂದು ಸಾವಿರ ಬರುವವಳಿಂದ ಒಂಬತ್ತೂವರೆ ತಿಂಗಳ ಸಂಬಳಕ್ಕೆ ಸಮನಾದ ಮೊತ್ತ ಕೇಳುವಾಗ ಆ ಎರಡು ಆಧಾರಗಳೂ ಅದಕ್ಕೆ ಸಲೀಸಾಗಿ ಒದಗುವುದಿಲ್ಲ. ಷರತ್ತು ಊರ್ಜಿತವೇ ಎಂಬುದು ಒಂದು ಪ್ರಶ್ನೆ, ಎಷ್ಟು ಹಣ ಸಿಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕಂಪನಿ ಗೆದ್ದರೂ ಎರಡನೆಯದು ಬಾಕಿ ಇರುತ್ತದೆ.

"ನ್ಯಾಯಯುತವಾದ ಮುನ್ನಂದಾಜು ಎಂದು ಒಪ್ಪಿರುತ್ತಾಳೆ" ಎಂಬ ಸಾಲಿಗೆ ಸಹಿ ಹಾಕಿದರೆ ದಾರಿ ಮುಚ್ಚಿತೇ?

ಪೂರ್ತಿ ಮುಚ್ಚುವುದಿಲ್ಲ, ಆದರೆ ಕಿರಿದಾಗುತ್ತದೆ. ನಷ್ಟವನ್ನು ಅಳೆಯುವುದೇ ಕಷ್ಟವಾದ ಸಂದರ್ಭದಲ್ಲಿ, ಕರಾರಿನಲ್ಲಿ ಬರೆದ ಮೊತ್ತ ಪ್ರಾಮಾಣಿಕ ಅಂದಾಜಾಗಿದ್ದರೆ, ನ್ಯಾಯಾಲಯ ಅದನ್ನೇ ಕೊಡಿಸಬಹುದು. ಆದ್ದರಿಂದ ಕಂಪನಿಗಳು ಈ ಸಾಲನ್ನು ಸೇರಿಸುತ್ತವೆ. ಆದರೆ ತರಬೇತಿಯ ಖರ್ಚು ಅಳೆಯಲಾಗದ ನಷ್ಟವಲ್ಲ. ತರಬೇತುದಾರರ ಬಿಲ್ಲು, ವಿಮಾನದ ಟಿಕೆಟ್, ಪ್ರಮಾಣಪತ್ರ ಪರೀಕ್ಷೆಯ ಶುಲ್ಕ ಎಲ್ಲಕ್ಕೂ ರಸೀದಿ ಇರುತ್ತದೆ. ವಿದೇಶಕ್ಕೆ ಕಳುಹಿಸಿ ಯಂತ್ರ ನಡೆಸುವುದನ್ನು ಕಲಿಸಿದ ಕಂಪನಿ ಹಾಗೂ ಹಳೆಯ ಸಹೋದ್ಯೋಗಿಯ ಪಕ್ಕದಲ್ಲಿ ಕೂರಿಸಿ "ನೋಡಿ ಕಲಿ" ಎಂದ ಕಂಪನಿ ಒಂದೇ ಸಾಲನ್ನು ಅಚ್ಚು ಹಾಕಿಸಿರಬಹುದು, ಆದರೆ ನ್ಯಾಯಾಲಯದಲ್ಲಿ ಅವೆರಡರ ಸ್ಥಾನ ಒಂದೇ ಅಲ್ಲ. ಎಲ್ಲ ಹುದ್ದೆಗಳಿಗೂ, ಎಲ್ಲ ಊರಿನ ಶಾಖೆಗಳಿಗೂ, ಹದಿನೈದು ದಿನದ ತರಬೇತಿಗೂ ಆರು ತಿಂಗಳ ತರಬೇತಿಗೂ ಅದೇ ಎರಡು ಲಕ್ಷ ಇದ್ದರೆ, ಅದು ಅಂದಾಜು ಅಲ್ಲ, ಹೆದರಿಸಲು ಇಟ್ಟ ಮೊತ್ತ ಎಂದು ವಾದಿಸಲು ಅದೇ ಒಳ್ಳೆಯ ಪುರಾವೆ.

ಅದಕ್ಕಾಗಿ ತರಬೇತಿಯ ದಿನಗಳಲ್ಲೇ ಒಂದು ಚಿಕ್ಕ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾರು ಕಲಿಸಿದರು, ದಿನಕ್ಕೆ ಎಷ್ಟು ತಾಸು, ಯಾವ ದಿನದಿಂದ ಗ್ರಾಹಕರ ನಿಜವಾದ ಕೆಲಸ ಕೊಟ್ಟರು. ತರಬೇತಿ ಎಂದು ಕರೆದ ಮೂರು ತಿಂಗಳಲ್ಲಿ ಎರಡು ತಿಂಗಳು ಗ್ರಾಹಕರ ಕೆಲಸವನ್ನೇ ಮಾಡಿದ್ದರೆ ಸ್ಟೈಪೆಂಡನ್ನು ತರಬೇತಿ ವೆಚ್ಚಕ್ಕೆ ಸೇರಿಸುವ ವಾದ ಅಲ್ಲೇ ಸೊರಗುತ್ತದೆ.

ಕಂಪನಿಯೇ ತೆಗೆದುಹಾಕಿದರೂ ಕೊಡಬೇಕೇ?

"ಸೇವೆ ಕೊನೆಗೊಂಡಲ್ಲಿ" ಎಂಬ ಮಾತು ಅಷ್ಟು ಅಗಲವಾಗಿದೆ. ಕೆಲಸ ಕಡಿಮೆಯಾಯಿತೆಂದು ಕಂಪನಿಯೇ ಬಿಡಿಸಿದರೂ ಅಕ್ಷರಶಃ ಅದರೊಳಗೆ ಬರುತ್ತದೆ. ಕರಾರು ಮುರಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಉದ್ಯೋಗಿ ಅಲ್ಲದಿದ್ದಾಗ ಪರಿಹಾರ ಕೇಳುವುದಕ್ಕೆ ಆಧಾರವೇ ಇಲ್ಲ, ಏಕೆಂದರೆ 73 ಮತ್ತು 74ನೇ ಕಲಂಗಳು ಕರಾರು ಮುರಿದವರಿಂದ ಪರಿಹಾರ ಕೊಡಿಸುತ್ತವೆ. ಆದರೂ ಈ ಮಾತನ್ನು ಸಹಿಗೆ ಮೊದಲೇ "ಉದ್ಯೋಗಿ ತಾನಾಗಿಯೇ ರಾಜೀನಾಮೆ ಕೊಟ್ಟಲ್ಲಿ ಅಥವಾ ದುರ್ನಡತೆಗಾಗಿ ತೆಗೆದುಹಾಕಲ್ಪಟ್ಟಲ್ಲಿ ಮಾತ್ರ" ಎಂದು ತಿದ್ದಿಸಬೇಕು. ಇದು ಕಂಪನಿಗಳು ಒಪ್ಪಲು ಹೆಚ್ಚು ಹಿಂಜರಿಯಬೇಕಾಗಿಲ್ಲದ ತಿದ್ದುಪಡಿ.

ಸಹಿಗೆ ಮೊದಲು ಏನನ್ನು ಕೇಳಬಹುದು? ಕೇಳಿದರೆ ಆಫರ್ ಹೋಗುವುದಿಲ್ಲವೇ?

ಷರತ್ತನ್ನೇ ತೆಗೆಯಿರಿ ಎಂದರೆ ಉತ್ತರ "ಇಲ್ಲ" ಎಂದೇ ಬರಬಹುದು. ಒಂದು ಸಾಲು ತಿದ್ದಲು ಕೇಳಿದರೆ ಮಾತುಕತೆಗೆ ಅವಕಾಶವಿದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ, ಮೊತ್ತವು ಪ್ರತಿ ತಿಂಗಳು ಪೂರೈಸಿದಂತೆ 24ರಲ್ಲಿ ಒಂದು ಪಾಲು ಇಳಿಯಬೇಕು ಎಂಬುದು. ಅದೊಂದು ಸಾಲು ಸೇರಿದರೆ ನಮ್ಮ ಉದಾಹರಣೆಯಲ್ಲಿ ಎರಡು ಲಕ್ಷ ನ್ಯಾಯಾಲಯಕ್ಕೆ ಹೋಗದೆಯೇ ಐವತ್ತು ಸಾವಿರಕ್ಕೆ ಇಳಿಯುತ್ತದೆ. ಅದರ ನಂತರದ್ದು ಆರಂಭದ ದಿನಾಂಕ: "ತರಬೇತಿ ಪೂರೈಸಿದ ದಿನ"ದ ಬದಲು ಸೇರಿದ ದಿನ ಎಂದು, ಅಥವಾ ಕನಿಷ್ಠ "ಯಾವುದೇ ಸಂದರ್ಭದಲ್ಲಿ 1 ನವೆಂಬರ್ 2024ರಿಂದ" ಎಂದು ಬರೆಸುವುದು.

ಇ-ಮೇಲ್ ಚಿಕ್ಕದಾಗಿರಲಿ. ಆಫರ್ ಬಂದದ್ದಕ್ಕೆ ಸಂತೋಷವನ್ನೂ ಸೇರುವ ದಿನಾಂಕವನ್ನೂ ಮೊದಲು ಖಚಿತಪಡಿಸಿ, ಆಮೇಲೆ ಇಷ್ಟನ್ನು ಕೇಳಿದರೆ ಸಾಕು: ಬಾಂಡ್ ಮೊತ್ತ ಪೂರೈಸಿದ ತಿಂಗಳುಗಳಿಗೆ ತಕ್ಕಂತೆ ಇಳಿಯುತ್ತದೆಯೇ, ನೋಟಿಸ್ ಅವಧಿ ಬಾಂಡ್ ಅವಧಿಯೊಳಗೆ ಸೇರುತ್ತದೆಯೇ, ₹2,00,000ದ ವಿವರ ಏನು. ತಿದ್ದುಪಡಿ ಆಗದಿದ್ದರೂ ಅವರ ಉತ್ತರವೇ ಮುಂದೆ ಕೆಲಸಕ್ಕೆ ಬರುತ್ತದೆ. "ಇದು ನಮ್ಮ ಸಾಮಾನ್ಯ ನೀತಿ, ವಿವರ ಕೊಡಲಾಗದು" ಎಂಬ ಉತ್ತರ ಬಂದರೆ, ಮುನ್ನಂದಾಜು ಮಾಡಿಯೇ ಇಲ್ಲ ಎಂದು ಅವರೇ ಬರೆದುಕೊಟ್ಟಂತೆ.

ನೂರು ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿದ್ದಾರೆ. ಇದರಿಂದ ಬಲ ಹೆಚ್ಚುತ್ತದೆಯೇ?

ಇಲ್ಲ. ಸೌಹಾರ್ದ ಸಹಕಾರಿಯಿಂದ ತಂದ ಇ-ಸ್ಟಾಂಪ್‌ನ ಮೇಲಿದ್ದರೂ ಆಫರ್ ಲೆಟರ್‌ನ ಒಳಪುಟದಲ್ಲಿದ್ದರೂ 74ನೇ ಕಲಂ ಒಂದೇ ರೀತಿ ಅನ್ವಯಿಸುತ್ತದೆ. ಹಾಗೆಯೇ ಸ್ಟಾಂಪ್ ಶುಲ್ಕ ಕಡಿಮೆ ಇದೆ ಎಂಬ ಕಾರಣಕ್ಕೆ ಬಾಂಡ್ ಸತ್ತಿತು ಎಂದೂ ತಿಳಿಯಬೇಡಿ. ಕೊರತೆಯ ಶುಲ್ಕ ಮತ್ತು ದಂಡ ಕಟ್ಟಿ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ದಾರಿ ಇದೆ.

ಅಪ್ಪ ಜಾಮೀನುದಾರರೆಂದು ಸಹಿ ಹಾಕಬೇಕಂತೆ, ಹೊಲದ ಉತಾರವನ್ನೂ ಕೇಳಿದ್ದಾರೆ. ಕೊಡಬಹುದೇ?

ಪಾಲಕರು ಈ ಸಹಿಯನ್ನು ಶಾಲೆಯ ಪ್ರಗತಿಪತ್ರದ ಸಹಿಯಂತೆ ಹಾಕಿಬಿಡುತ್ತಾರೆ, ಅದೇ ನನ್ನ ಚಿಂತೆ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದ ಹೊರತು, ಜಾಮೀನುದಾರರ ಹೊಣೆ ಮೂಲ ಋಣಿಯ ಹೊಣೆಯಷ್ಟೇ ಇರುತ್ತದೆ. ಅಂದರೆ ಮಗಳಿಂದ ವಸೂಲಾಗಲಿಲ್ಲ ಎಂದಾದ ಮೇಲೆ ಮಾತ್ರ ತಂದೆಯ ಬಳಿ ಬರಬೇಕು ಎಂಬ ನಿಯಮವಿಲ್ಲ; ದಾವೆ ಹೂಡುವಾಗ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಸೇರಿಸಬಹುದು. ಉತಾರದ ನಕಲು ಕೊಟ್ಟ ಮಾತ್ರಕ್ಕೆ ಹೊಲ ಒತ್ತೆ ಬೀಳುವುದಿಲ್ಲ, ಆದರೆ ಡಿಕ್ರಿಯಾದರೆ ವಸೂಲಿಗೆ ಯಾವ ಆಸ್ತಿಯನ್ನು ಹಿಡಿಯಬಹುದು ಎಂಬ ಮಾಹಿತಿಯನ್ನು ನಾವೇ ಕೈಗೆ ಕೊಟ್ಟಂತಾಗುತ್ತದೆ. ಮಗಳಿಗೆ 18 ವರ್ಷ ತುಂಬಿದೆ, ಕರಾರು ಆಕೆಯದು ಎಂದು ಹೇಳಿ ಜಾಮೀನು ಬೇಡವೆನ್ನಲು ಯತ್ನಿಸಬೇಕು. ಸಹಿ ಅನಿವಾರ್ಯವಾದರೆ ಹೊಣೆಯ ಮೇಲ್ಮಿತಿಯನ್ನು ಅದೇ ಕಾಗದದಲ್ಲಿ ಬರೆಸಬೇಕು.

ಖಾಲಿ ಚೆಕ್ ಮತ್ತು ಮೂಲ ಅಂಕಪಟ್ಟಿ ಕೇಳಿದರೆ?

ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆ ಮುಗಿದ ಕೂಡಲೇ ಅಲ್ಲಿಯೇ ವಾಪಸ್ ಪಡೆದು, ದೃಢೀಕರಿಸಿದ ನಕಲು ಕೊಡಿ. ಒಪ್ಪದಿದ್ದರೆ, ಏನನ್ನು ಯಾವ ದಿನ ಪಡೆದರು ಎಂಬ ಸಹಿ ಮಾಡಿದ ಪಟ್ಟಿ ಇಲ್ಲದೆ ಒಂದು ಹಾಳೆಯನ್ನೂ ಬಿಟ್ಟು ಬರಬೇಡಿ.

ಚೆಕ್ ಇನ್ನೂ ಗಂಭೀರ. ಬಾಂಡ್ ಮುರಿಯುವುದು ಸಿವಿಲ್ ವ್ಯಾಜ್ಯ; ಅದಕ್ಕೆ ಪೊಲೀಸರು ಬಂದು ಹಿಡಿಯುವುದಿಲ್ಲ, ಜೈಲೂ ಇಲ್ಲ. ಚೆಕ್ ಬೌನ್ಸ್ ಆದರೆ ಅದೇ ವ್ಯಾಜ್ಯ ಕ್ರಿಮಿನಲ್ ನ್ಯಾಯಾಲಯದ ಮೆಟ್ಟಿಲು ಏರುತ್ತದೆ. ಸಹಿ ಮಾಡಿದ ಖಾಲಿ ಚೆಕ್ಕನ್ನು ಸ್ವಇಚ್ಛೆಯಿಂದ ಕೊಟ್ಟರೆ, ಮೊತ್ತವನ್ನು ಬೇರೆಯವರು ಬರೆದಿದ್ದರೂ, ಅದು ಋಣಕ್ಕಾಗಿಯೇ ಕೊಟ್ಟದ್ದು ಎಂಬ ಊಹೆ ಕಾನೂನಿನಲ್ಲಿ ಇದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಊಹೆಯನ್ನು ಅಲ್ಲಗಳೆಯಬಹುದು, ಆದರೆ ಅಲ್ಲಗಳೆಯುವ ಹೊರೆ ಸಹಿ ಮಾಡಿದವರ ತಲೆಗೆ ಬರುತ್ತದೆ. ಹಾಗಾಗಿ ಎರಡು ಲಕ್ಷದ ಬಾಂಡ್‌ಗೆ ಸಹಿ ಹಾಕುವುದಕ್ಕಿಂತ ಒಂದು ಖಾಲಿ ಚೆಕ್ ಕೊಡುವುದು ಹೆಚ್ಚು ಅಪಾಯಕರ ಎಂದೇ ನಾನು ಹೇಳುತ್ತೇನೆ. ಈಗಾಗಲೇ ಕೊಟ್ಟಿದ್ದು, ಅದು ಬೌನ್ಸ್ ಆಗಿ ನೋಟಿಸ್ ಬಂದರೆ 15 ದಿನಗಳೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು.

ಕೆಲಸ ಬಿಡದಂತೆ ಕಂಪನಿ ತಡೆಯಬಹುದೇ?

ತಡೆಯಲಾಗದು. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ನಡೆಸಿಕೊಡುವಂತೆ ನ್ಯಾಯಾಲಯ ಆದೇಶಿಸುವುದಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 14ನೇ ಕಲಂ ಅದನ್ನು ಹೊರಗಿಟ್ಟಿದೆ. ಕಂಪನಿಗೆ ಉಳಿಯುವುದು ಹಣದ ದಾವೆ ಮಾತ್ರ, ಅದನ್ನೂ ಕರಾರು ಮುರಿದ ಮೂರು ವರ್ಷಗಳೊಳಗೆ ಹೂಡಬೇಕು. ಆದರೆ ರಿಲೀವಿಂಗ್ ಲೆಟರ್ ತಡೆಹಿಡಿಯುವುದು, ಕೊನೆಯ ತಿಂಗಳ ಸಂಬಳ ನಿಲ್ಲಿಸುವುದು ಮುಂತಾದ ಒತ್ತಡದ ದಾರಿಗಳು ಇದ್ದೇ ಇವೆ, ಮತ್ತು ಹೊಸ ಕಂಪನಿ ರಿಲೀವಿಂಗ್ ಲೆಟರ್ ಕೇಳುವುದರಿಂದ ದಾವೆಗಿಂತ ಇವೇ ಹೆಚ್ಚು ಬಾಧಿಸುತ್ತವೆ. ಸಂಬಳದಿಂದ ಏನನ್ನು ಕಡಿತ ಮಾಡಬಹುದು ಎಂಬುದಕ್ಕೆ 2019ರ ವೇತನ ಸಂಹಿತೆಯಲ್ಲಿ ಪಟ್ಟಿಯೇ ಇದೆ, ಕಡಿತ ಒಟ್ಟು ವೇತನದ ಅರ್ಧವನ್ನು ಮೀರುವಂತಿಲ್ಲ. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದೂ ಅದು ಹೇಳುತ್ತದೆ. ಪಿಎಫ್ ಹಣವನ್ನು ಬಾಂಡ್‌ಗೆ ಹೊಂದಿಸಿಕೊಳ್ಳಲು ಬರುವುದಿಲ್ಲ.

ಬಾಂಡ್ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಸೇರಿಸಿ ಕೇಳಿದ್ದಾರೆ. ಸರಿಯೇ?

ಸರಿಯಲ್ಲ. ಅವಧಿಗೆ ಮೊದಲೇ ಬಿಡುವ ಉದ್ಯೋಗಿಯಿಂದ ಪಡೆಯುವ ಬಾಂಡ್ ಮೊತ್ತ ಯಾವುದೇ ಸೇವೆಯ ಬೆಲೆಯಲ್ಲ, ಅದಕ್ಕೆ ತೆರಿಗೆ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 3 ಆಗಸ್ಟ್ 2022ರ ಸುತ್ತೋಲೆ 178ರಲ್ಲಿ ಸ್ಪಷ್ಟಪಡಿಸಿದೆ. ಎರಡು ಲಕ್ಷಕ್ಕೆ ಮೂವತ್ತಾರು ಸಾವಿರ ಸೇರಿಸಿದ ಲೆಕ್ಕ ಬಂದರೆ ಆ ಸುತ್ತೋಲೆಯನ್ನು ಉಲ್ಲೇಖಿಸಿ ಉತ್ತರಿಸಬಹುದು. ಷರತ್ತಿನಲ್ಲಿರುವ ಶೇ 18 ಬಡ್ಡಿ ಬೇರೆ ವಿಷಯ. ಅದು ಜಿಎಸ್‌ಟಿ ಅಲ್ಲ.

ದಾವೆಯನ್ನು ಬೆಂಗಳೂರಿನಲ್ಲೇ ಹೂಡುತ್ತೇವೆ ಎಂದು ಬರೆದಿದ್ದಾರೆ. ಧಾರವಾಡದಲ್ಲಿ ನಡೆಸಲು ಆಗದೇ?

ಬೆಂಗಳೂರಿನ ನ್ಯಾಯಾಲಯಕ್ಕೆ ಹೇಗಾದರೂ ಅಧಿಕಾರವಿದ್ದರೆ, ಉದಾಹರಣೆಗೆ ಕರಾರು ಅಲ್ಲಿ ಆಗಿದ್ದರೆ ಅಥವಾ ಕಂಪನಿಯ ನಿರ್ಧಾರಗಳು ಅಲ್ಲಿಂದ ಹೊರಟಿದ್ದರೆ, ಆ ಷರತ್ತು ನಿಲ್ಲುತ್ತದೆ. ಉದ್ಯೋಗದ ಕರಾರಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಎಲ್ಲ ವ್ಯವಹಾರ ಹುಬ್ಬಳ್ಳಿಯಲ್ಲೇ ನಡೆದಿದ್ದು, ಕಂಪನಿಯ ನೋಂದಾಯಿತ ಕಚೇರಿಯೂ ಇಲ್ಲೇ ಇದ್ದರೆ ಮಾತ್ರ ಅದನ್ನು ಗಟ್ಟಿಯಾಗಿ ಪ್ರಶ್ನಿಸಬಹುದು. ಮಧ್ಯಸ್ಥಿಕೆಯ ಷರತ್ತು ಇದ್ದು, ಏಕೈಕ ಮಧ್ಯಸ್ಥಗಾರರನ್ನು ಕಂಪನಿಯ ನಿರ್ದೇಶಕರೇ ನೇಮಿಸುತ್ತಾರೆ ಎಂದಿದ್ದರೆ, ಅಂಥ ಏಕಪಕ್ಷೀಯ ನೇಮಕವನ್ನು ಸುಪ್ರೀಂ ಕೋರ್ಟ್ 2019ರಿಂದ ಒಪ್ಪುತ್ತಿಲ್ಲ. ಆಕ್ಷೇಪವನ್ನು ಮೊದಲ ಪತ್ರದಲ್ಲೇ ಎತ್ತಬೇಕು.

ವಕೀಲರ ನೋಟಿಸ್ ಬಂದಿದೆ. ಸುಮ್ಮನಿರಬಹುದೇ?

ಬೇಡ. ನೋಟಿಸ್‌ಗೆ ಉತ್ತರಿಸದಿದ್ದರೆ ತಾನಾಗಿಯೇ ಸೋತಂತಲ್ಲ, ಆದರೆ ಮೊತ್ತವನ್ನು ಪ್ರಶ್ನಿಸಿದ ದಾಖಲೆ ಇರುವುದಿಲ್ಲ. ನ್ಯಾಯಾಲಯದ ಸಮನ್ಸ್ ಬಂದ ಮೇಲೂ ಸುಮ್ಮನಿದ್ದರೆ ಏಕಪಕ್ಷೀಯ ಡಿಕ್ರಿ ಆಗಬಹುದು, ಆಗ 74ನೇ ಕಲಂನ ಇಷ್ಟೆಲ್ಲ ಮಾತನ್ನು ಹೇಳುವವರೇ ಅಲ್ಲಿ ಇರುವುದಿಲ್ಲ. ಲಿಖಿತ ಹೇಳಿಕೆಗೆ ಸಮನ್ಸ್ ತಲುಪಿದ ದಿನದಿಂದ 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನದವರೆಗೆ ಅವಕಾಶವಿದೆ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100.

ನೋಟಿಸ್‌ನ ಉತ್ತರದಲ್ಲಿ ಸಿಟ್ಟಿಗಿಂತ ಲೆಕ್ಕ ಇರಲಿ: ಪೂರೈಸಿದ ತಿಂಗಳು 18, ಉಳಿದದ್ದು 6, ತರಬೇತಿಯ ವೆಚ್ಚದ ಬಿಲ್ಲುಗಳ ನಕಲು ಕೊಡಿ, ಸಮಂಜಸ ಮೊತ್ತವನ್ನು ಚರ್ಚಿಸಲು ಸಿದ್ಧ, ಆದರೆ ಹೊಣೆಯನ್ನು ಒಪ್ಪಿಕೊಂಡಂತಲ್ಲ.

ರಾಜಿ ಮಾಡಿಕೊಂಡರೆ ಏನನ್ನು ಬರೆಸಿಕೊಳ್ಳಬೇಕು?

ನಮ್ಮ ಉದಾಹರಣೆಯಲ್ಲಿ ₹15,000ದ ಆಸುಪಾಸಿಗೆ ಮುಗಿದರೆ ಅದು ಒಳ್ಳೆಯ ರಾಜಿ. ಐವತ್ತು ಸಾವಿರಕ್ಕೆ ಮುಗಿದರೂ, ಹೊಸ ಕೆಲಸಕ್ಕೆ ರಿಲೀವಿಂಗ್ ಲೆಟರ್ ತುರ್ತಾಗಿ ಬೇಕಿದ್ದರೆ, ಕೆಲವರಿಗೆ ಅದು ಸರಿಯೆನಿಸಬಹುದು. ನೋಟಿಸ್ ಅವಧಿಯ ಹಣ ಮತ್ತು ಬಾಂಡ್ ಹಣ ಒಂದೇ ಕಾಲಾವಧಿಗೆ ಎರಡು ಬಾರಿ ಬಂದಿಲ್ಲವೇ ಎಂದು ಮೊದಲು ನೋಡಿ. ಹಣವನ್ನು ಬ್ಯಾಂಕ್ ಮೂಲಕವೇ ಕಂಪನಿಯ ಖಾತೆಗೆ ಹಾಕಿ, ನಗದಾಗಿ ಯಾರ ಕೈಗೂ ಕೊಡಬೇಡಿ. ಅದೇ ದಿನ ಕಂಪನಿಯ ಪತ್ರದಲ್ಲಿ ಮೂರು ಸಂಗತಿಗಳು ಇರಬೇಕು: ಬಾಂಡ್‌ನ ಎಲ್ಲ ಹೊಣೆ ಉದ್ಯೋಗಿಗೂ ಜಾಮೀನುದಾರರಿಗೂ ತೀರಿತು ಎಂಬ ಸಾಲು, ಪಡೆದಿದ್ದ ಚೆಕ್‌ಗಳನ್ನು ಅವುಗಳ ಸಂಖ್ಯೆಯೊಂದಿಗೆ ವಾಪಸ್ ಕೊಟ್ಟ ಉಲ್ಲೇಖ, ಮತ್ತು ರಿಲೀವಿಂಗ್ ಲೆಟರ್‌ನ ದಿನಾಂಕ. ಜಾಮೀನುದಾರರ ಹೆಸರು ಆ ಸಾಲಿನಲ್ಲಿ ಬಿಟ್ಟುಹೋಗಿದ್ದರೆ, ಹಣ ಹಾಕುವ ಮೊದಲೇ ತಿದ್ದಿಸಿಕೊಳ್ಳಿ.